10 ಸೆಕೆಂಡು ಉಸಿರು ಹಿಡಿದರೆ ಶ್ವಾಸಕೋಶ ಚೆನ್ನಾಗಿದೆ ಎಂದರ್ಥವೇ? ಸ್ಪೈರೊಮೆಟ್ರಿ ವರದಿ ಓದುವುದು ಹೀಗೆ

2020ರ ಮಾರ್ಚ್‌ನಲ್ಲಿ ಬಂದ ಆ ವಾಟ್ಸಾಪ್ ಸಂದೇಶ ನಿಮಗೂ ನೆನಪಿರಬಹುದು: "ಬೆಳಿಗ್ಗೆ ಎದ್ದು 10 ಸೆಕೆಂಡು ಉಸಿರು ಹಿಡಿದುಕೊಳ್ಳಿ. ಕೆಮ್ಮು ಬರದಿದ್ದರೆ ನಿಮ್ಮ ಶ್ವಾಸಕೋಶಕ್ಕೆ ಏನೂ ಆಗಿಲ್ಲ." ಇದು ಸುಳ್ಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಆಗಲೇ ಹೇಳಿತ್ತು. ಆದರೆ ಉಸಿರು ಹಿಡಿಯಲು ಬಂದರೆ ಶ್ವಾಸಕೋಶ ಗಟ್ಟಿ ಎಂಬ ನಂಬಿಕೆ ಮಾತ್ರ ಉಳಿದುಕೊಂಡಿದೆ.

ಉಸಿರು ಹಿಡಿಯುವುದರಿಂದ ನಿಮ್ಮ ತಾಳ್ಮೆ ಎಷ್ಟು ಎಂದು ತಿಳಿದೀತು. ಶ್ವಾಸಕೋಶದಲ್ಲಿ ಎಷ್ಟು ಗಾಳಿ ಹಿಡಿಸುತ್ತದೆ, ಅದು ಎಷ್ಟು ಬೇಗ ಹೊರಗೆ ಬರುತ್ತದೆ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಇರುವುದೇ ಸ್ಪೈರೊಮೆಟ್ರಿ, ಅಂದರೆ ಊದುವ ಪರೀಕ್ಷೆ.

ಎರಡು ಅಂಕಿ, ಒಂದು ಭಾಗಾಕಾರ

ಮೂಗಿಗೆ ಕ್ಲಿಪ್ ಹಾಕಿ, ಎದೆ ತುಂಬ ಉಸಿರು ಎಳೆದುಕೊಂಡು, ಒಂದು ಕೊಳವೆಯೊಳಗೆ ಜೋರಾಗಿ ಊದಬೇಕು. ಒಲೆಗೆ ಊದುಗೊಳವೆಯಿಂದ ಊದಿದ ಹಾಗೆ ಸ್ವಲ್ಪ ಊದಿ ಬಿಟ್ಟರೆ ಸಾಲದು, ಗಾಳಿ ಪೂರ್ತಿ ಖಾಲಿಯಾಗುವವರೆಗೆ ಊದುತ್ತಲೇ ಇರಬೇಕು.

ಹೀಗೆ ಹೊರಬಂದ ಒಟ್ಟು ಗಾಳಿಯನ್ನು ವರದಿಯಲ್ಲಿ FVC ಎಂದು ಬರೆದಿರುತ್ತಾರೆ. ಮೊದಲ ಒಂದು ಸೆಕೆಂಡಿನಲ್ಲೇ ಹೊರಬಂದ ಗಾಳಿ FEV1. ಎರಡಕ್ಕೂ ಲೀಟರಿನ ಲೆಕ್ಕ. ಪಕ್ಕದಲ್ಲಿ ಅದೇ ವಯಸ್ಸು, ಎತ್ತರ ಮತ್ತು ಲಿಂಗದ ಆರೋಗ್ಯವಂತರಲ್ಲಿ ಎಷ್ಟಿರಬೇಕು ಎಂಬ ನಿರೀಕ್ಷಿತ ಅಂಕಿಯೂ, ಅದರಲ್ಲಿ ನೀವು ಶೇಕಡಾ ಎಷ್ಟು ಊದಿದಿರಿ ಎಂಬುದೂ ಇರುತ್ತದೆ.

ಹೆಚ್ಚಿನವರು ಈ ಶೇಕಡಾ ನೋಡಿ ಗಾಬರಿಯಾಗುತ್ತಾರೆ, ಇಲ್ಲವೇ ನಿರಾಳರಾಗುತ್ತಾರೆ. ಆದರೆ ಮೊದಲು ನೋಡಬೇಕಾದದ್ದು ಇನ್ನೊಂದು ಸಾಲು: FEV1/FVC. ಒಟ್ಟು ಗಾಳಿಯಲ್ಲಿ ಎಷ್ಟು ಪಾಲು ಮೊದಲ ಸೆಕೆಂಡಿನಲ್ಲೇ ಹೊರಬಂತು ಎಂಬುದನ್ನು ಅದು ಹೇಳುತ್ತದೆ. ಏಕೆ ಅದೇ ಮೊದಲು? ಒಂದು ಉದಾಹರಣೆ ಮಾಡಿಕೊಂಡು ನೋಡೋಣ.

ಒಂದೇ ದಮ್ಮು, ಬೇರೆ ಬೇರೆ ರೋಗ

ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯಂಥ ಊರಿನಿಂದ ಇಬ್ಬರು ದಮ್ಮು ಎಂದು ಪರೀಕ್ಷೆಗೆ ಬಂದಿದ್ದಾರೆ ಎಂದುಕೊಳ್ಳಿ. ಒಬ್ಬರು 52 ವರ್ಷದ ಮಹಿಳೆ. ಬೀಡಿ ಸಿಗರೇಟು ಮುಟ್ಟಿದವರಲ್ಲ. ಆದರೆ 32 ವರ್ಷ, ದಿನಕ್ಕೆ 4 ಗಂಟೆ, ತೊಗರಿ ಕಟ್ಟಿಗೆ ಮತ್ತು ಕುಳ್ಳಿನ ಒಲೆ ಮುಂದೆ ಕೂತವರು. ಇನ್ನೊಬ್ಬರು 50 ವರ್ಷದ ಗಂಡಸು. ಅವರಿಗೆ ಹಿಂದೆ ಕ್ಷಯ ಬಂದು ವಾಸಿಯಾಗಿದೆ.

ಮಹಿಳೆಯ FEV1 1.32 ಲೀಟರ್, ನಿರೀಕ್ಷಿತ 2.00ರ ಶೇ. 66. ಗಂಡಸಿನ FEV1 1.80 ಲೀಟರ್, ನಿರೀಕ್ಷಿತ 2.80ರ ಶೇ. 64. ಇಷ್ಟನ್ನೇ ನೋಡಿದರೆ ಇಬ್ಬರಿಗೂ ಒಂದೇ ಕಾಯಿಲೆ ಅನ್ನಿಸುತ್ತದೆ. ಈಗ ಭಾಗಿಸಿ:

```
ಮಹಿಳೆ:  FEV1 / FVC = 1.32 / 2.40 = 0.55
ಗಂಡಸು: FEV1 / FVC = 1.80 / 2.10 = 0.86
```

ಮಹಿಳೆಯ FVC ನಿರೀಕ್ಷಿತ 2.50ರ ಶೇ. 96. ಅಂದರೆ ಚೀಲ ತುಂಬ ಗಾಳಿ ಇದೆ, ಆದರೆ ಚೀಲದ ಬಾಯಿ ಕಿರಿದಾಗಿದೆ. ಸಾಮಾನ್ಯವಾಗಿ ಮೊದಲ ಸೆಕೆಂಡಿಗೇ ಮುಕ್ಕಾಲು ಪಾಲು ಗಾಳಿ ಹೊರಬರಬೇಕಿತ್ತು, ಇವರಿಗೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಬಂದಿದೆ. ಇದು ಅಡಚಣೆಯ ಮಾದರಿ. ಅಸ್ತಮಾ ಮತ್ತು ಸಿಒಪಿಡಿಯಲ್ಲಿ ಕಾಣುವುದು ಇದೇ.

ಗಂಡಸಿನ FVC ನಿರೀಕ್ಷಿತ 3.50ರ ಶೇ. 60 ಮಾತ್ರ. ಇರುವ ಗಾಳಿ ಸರಾಗವಾಗಿ ಹೊರಬರುತ್ತಿದೆ, ಆದರೆ ಚೀಲವೇ ಚಿಕ್ಕದಾಗಿದೆ. ಇದು ಸಂಕುಚಿತ ಮಾದರಿ. ಹಳೆಯ ಕ್ಷಯದ ಕಲೆ, ಶ್ವಾಸಕೋಶ ಗಡುಸಾಗುವ ರೋಗಗಳು, ಬಾಗಿದ ಬೆನ್ನು, ಉಸಿರಾಟದ ಸ್ನಾಯುಗಳ ದೌರ್ಬಲ್ಯ, ಅತಿಯಾದ ಬೊಜ್ಜು ಹೀಗೆ ಕಾರಣ ಹಲವು.

ಗೆರೆ ಏನು ಹೇಳುತ್ತದೆ?

ವರದಿಯ ಚಿತ್ರದಲ್ಲಿ ಅಡ್ಡಗೆರೆ ಗಾಳಿಯ ಪ್ರಮಾಣವನ್ನೂ ನಿಂತ ಗೆರೆ ಗಾಳಿಯ ವೇಗವನ್ನೂ ತೋರಿಸುತ್ತವೆ. ಆರೋಗ್ಯವಂತರ ಗೆರೆ ಗೋಪುರದಂತೆ ಥಟ್ಟನೆ ಏರಿ, ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತದೆ. ಅಡಚಣೆ ಇದ್ದರೆ ಇಳಿಯುವ ಗೆರೆ ಒಳಕ್ಕೆ ಕುಸಿದು, ಎರಡು ಕಂಬಗಳ ನಡುವೆ ಜೋತುಬಿದ್ದ ಹಗ್ಗದಂತೆ ಕಾಣುತ್ತದೆ. ಸಂಕುಚಿತ ಮಾದರಿಯಲ್ಲಿ ಗೋಪುರದ ಆಕಾರ ಉಳಿದಿರುತ್ತದೆ, ಆದರೆ ಅಗಲ ಕಡಿಮೆ.

ಅಸ್ತಮಾವೋ, ಸಿಒಪಿಡಿಯೋ?

ಅಡಚಣೆ ಕಂಡರೆ ಸಾಲ್ಬುಟಮಾಲ್ ಔಷಧ ಎಳೆಸಿ, 15 ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. FEV1 ಶೇ. 12ರಷ್ಟು ಮತ್ತು ಕನಿಷ್ಠ 200 ಮಿಲಿಲೀಟರ್ ಹೆಚ್ಚಿದರೆ ನಾಳ ತೆರೆದುಕೊಂಡಿತು ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ. ಹಾಗೆ ತೆರೆದುಕೊಂಡರೆ ಅಸ್ತಮಾದ ಸಾಧ್ಯತೆ ಹೆಚ್ಚುತ್ತದೆ.

ನಮ್ಮ ಮಹಿಳೆಯ FEV1 1.40 ಆಯಿತು ಎಂದುಕೊಳ್ಳಿ. ಹೆಚ್ಚಿದ್ದು 80 ಮಿಲಿಲೀಟರ್, ಅಂದರೆ ಶೇ. 6. FVC 2.42, ಅನುಪಾತ 0.58. ಔಷಧದ ನಂತರವೂ ಅನುಪಾತ 0.70ಕ್ಕಿಂತ ಕೆಳಗೇ ಉಳಿದರೆ, ಲಕ್ಷಣಗಳೂ ಹೊಂದಿಕೊಂಡರೆ, ಅದು ಸಿಒಪಿಡಿ. ಆದರೆ ಈ 0.70 ಎಲ್ಲ ವಯಸ್ಸಿಗೂ ಒಪ್ಪುವ ಗೆರೆಯಲ್ಲ. ವಯಸ್ಸಾದಂತೆ ಅನುಪಾತ ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಎಪ್ಪತ್ತೈದರ ಅಜ್ಜನಿಗೆ 0.68 ಇದ್ದ ಮಾತ್ರಕ್ಕೆ ರೋಗ ಎನ್ನಲಾಗದು.

"ಸಿಗರೇಟು ಸೇದದವರಿಗೆ ಸಿಒಪಿಡಿ ಹೇಗೆ ಬಂತು?" ಎಂದು ಕೇಳುವವರಿದ್ದಾರೆ. ಮೈಸೂರು ಜಿಲ್ಲೆಯ ಹಳ್ಳಿಗಳ ಮಹಿಳೆಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಸುಲಭದ ಲೆಕ್ಕ ಕೊಟ್ಟಿತು: ದಿನಕ್ಕೆ ಒಲೆ ಮುಂದೆ ಕೂರುವ ಗಂಟೆಗಳನ್ನು ವರ್ಷಗಳಿಂದ ಗುಣಿಸಿ. ಈ ಅಂಕಿ 60 ಮುಟ್ಟಿದರೆ ದೀರ್ಘಕಾಲದ ಬ್ರಾಂಕೈಟಿಸ್, ಅಂದರೆ ವರ್ಷಗಟ್ಟಲೆ ಕಾಡುವ ಕಫದ ಕೆಮ್ಮಿನ ಅಪಾಯ ಗಮನಾರ್ಹವಾಗುತ್ತದೆ. ನಮ್ಮ ಉದಾಹರಣೆಯ ಮಹಿಳೆಯದು 4 × 32 = 128.

ವರದಿ ತಪ್ಪಾಗುವುದು ಎಲ್ಲಿ?

ಈ ಪರೀಕ್ಷೆ ಊದುವವರ ಶ್ರಮದ ಮೇಲೆ ನಿಂತಿದೆ. ಇದೇ ಮಹಿಳೆ ಸುಸ್ತಾಗಿ ಮಧ್ಯದಲ್ಲೇ ಊದುವುದನ್ನು ನಿಲ್ಲಿಸಿದರು ಎನ್ನಿ. ಮೊದಲ ಸೆಕೆಂಡಿನ 1.32 ಹಾಗೆಯೇ ಇರುತ್ತದೆ, ಆದರೆ FVC 1.75 ಎಂದು ದಾಖಲಾಗುತ್ತದೆ. ಅನುಪಾತ 0.75ಕ್ಕೆ ಏರುತ್ತದೆ. ಅಡಚಣೆ ಮಾಯವಾಗಿ, FVC ಕಡಿಮೆ ಎಂದು ಸಂಕುಚಿತ ಮಾದರಿಯ ಹೆಸರು ಬೀಳುತ್ತದೆ! ಗೆರೆಯ ಬಾಲ ನಿಧಾನವಾಗಿ ನೆಲ ಮುಟ್ಟುವ ಬದಲು ಕತ್ತರಿಸಿದಂತೆ ಕೆಳಕ್ಕೆ ಬಿದ್ದಿದ್ದರೆ ಹೀಗಾಗಿದೆ ಎಂದು ತಿಳಿಯಿರಿ. ಮೊದಲ ಸೆಕೆಂಡಿನಲ್ಲಿ ಕೆಮ್ಮು ಬಂದರೆ ಗೆರೆ ಗರಗಸದ ಹಲ್ಲಿನಂತಾಗುತ್ತದೆ, ಆ ಊದು ಲೆಕ್ಕಕ್ಕಿಲ್ಲ. ಅದಕ್ಕೇ ಕನಿಷ್ಠ ಮೂರು ಸಲ ಸರಿಯಾಗಿ ಊದಿಸಬೇಕು, ಅದರಲ್ಲಿ ಅತಿ ಹೆಚ್ಚಿನ ಎರಡು ಅಂಕಿಗಳ ನಡುವಿನ ವ್ಯತ್ಯಾಸ 150 ಮಿಲಿಲೀಟರ್ ಒಳಗಿರಬೇಕು.

ಎತ್ತರ ಅಥವಾ ವಯಸ್ಸು ತಪ್ಪಾಗಿ ಹಾಕಿದರೆ ಶೇಕಡಾ ಪೂರ್ತಿ ತಪ್ಪುತ್ತದೆ. ಯಂತ್ರದಲ್ಲಿ ಯುರೋಪಿನವರ ನಿರೀಕ್ಷಿತ ಅಂಕಿ ಇಟ್ಟಿದ್ದರೆ ಆರೋಗ್ಯವಾಗಿರುವ ನಮ್ಮವರ ಶ್ವಾಸಕೋಶವೂ ಚಿಕ್ಕದೆಂದು ತೋರಬಹುದು.

ಇನ್ನೊಂದು ಮಿತಿಯೂ ಇದೆ. ಎಷ್ಟೇ ಊದಿದರೂ ಸ್ವಲ್ಪ ಗಾಳಿ ಒಳಗೇ ಉಳಿಯುತ್ತದೆ, ಅದನ್ನು ಸ್ಪೈರೊಮೆಟ್ರಿ ಅಳೆಯಲಾರದು. ತೀವ್ರ ಅಡಚಣೆಯಲ್ಲಿ ಗಾಳಿ ಒಳಗೆ ಸಿಕ್ಕಿಕೊಂಡು FVC ಕಡಿಮೆಯಾಗಬಹುದು. ಆದ್ದರಿಂದ ನಮ್ಮ ಉದಾಹರಣೆಯ ಗಂಡಸಿನ ವರದಿ "ಸಂಕುಚಿತ ಇರಬಹುದು" ಎನ್ನುತ್ತದೆ ಅಷ್ಟೆ. ಖಚಿತವಾಗಲು ಶ್ವಾಸಕೋಶದ ಒಟ್ಟು ಗಾತ್ರ ಅಳೆಯುವ ಪರೀಕ್ಷೆ ಬೇಕು, ಕಾರಣ ಹುಡುಕಲು ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್ ಬೇಕು. ಎರಡು ವಾರ ದಾಟಿದ ಕೆಮ್ಮಿದ್ದರೆ ಊದುವ ಮೊದಲು ಕಫ ಪರೀಕ್ಷೆ ಆಗಲಿ.

ಸತ್ಯಾಂಶ: 10 ಸೆಕೆಂಡು ಉಸಿರು ಹಿಡಿಯಲು ಬಂದ ಮಾತ್ರಕ್ಕೆ ಅಡಚಣೆಯಾಗಲಿ ಸಂಕುಚನೆಯಾಗಲಿ ಇಲ್ಲ ಎಂದು ಹೇಳಲಾಗದು. ಮನೆಯವರ ವರದಿ ಕೈಗೆ ಬಂದರೆ ಮೊದಲು ಗೆರೆಯ ಬಾಲ ನೋಡಿ, ಆಮೇಲೆ FEV1/FVC, ಕೊನೆಗೆ FVC. ಬಾಲ ಕತ್ತರಿಸಿದಂತಿದ್ದರೆ ಅಂಕಿಗಳನ್ನು ಓದುವ ಮೊದಲು ಮತ್ತೊಮ್ಮೆ ಊದಿಸಬೇಕೇ ಎಂದು ವೈದ್ಯರನ್ನು ಕೇಳಿ.