ಓವರ್‌ಹೆಡ್ ಟ್ಯಾಂಕ್ ಇರುವ ಮನೆಗೆ ಯಾವ ನಲ್ಲಿ? ಪಿಲ್ಲರ್, ಮಿಕ್ಸರ್ ಅಥವಾ ಗೋಡೆಯದ್ದೇ?

“ನಲ್ಲಿಯಲ್ಲಿ ನೀರು ಸಣ್ಣಗೆ ಬರ್ತಿದ್ಯಾ? 500 ಲೀಟರ್ ಟ್ಯಾಂಕ್ ತೆಗೆದು 1000 ಲೀಟರ್‌ದು ಹಾಕಿಸಿ, ಪ್ರೆಶರ್ ಡಬಲ್!” ಇಂಥ ಸಲಹೆ ನಿಮ್ಮ ಗುಂಪಿನಲ್ಲೂ ಬಂದಿರಬಹುದು. ಇದು ತಪ್ಪು. ನಲ್ಲಿಯ ಪ್ರೆಶರ್ ಟ್ಯಾಂಕಿನಲ್ಲಿ ಎಷ್ಟು ಲೀಟರ್ ಇದೆ ಎಂಬುದನ್ನು ಅವಲಂಬಿಸಿಲ್ಲ. ಟ್ಯಾಂಕಿನ ನೀರಿನ ಮಟ್ಟ ನಲ್ಲಿಗಿಂತ ಎಷ್ಟು ಎತ್ತರದಲ್ಲಿದೆ ಎಂಬುದಷ್ಟೇ ಲೆಕ್ಕ. ಸುಮಾರು 10 ಮೀಟರ್ ಎತ್ತರಕ್ಕೆ 1 ಬಾರ್ ಒತ್ತಡ.

ಒಂದು ಮಹಡಿ ಮನೆಯನ್ನು ತೆಗೆದುಕೊಳ್ಳೋಣ. ಮೇಲಿನ ಮಹಡಿಯಲ್ಲಿ ವಾಶ್‌ಬೇಸಿನ್ ನಲ್ಲಿ ನೆಲದಿಂದ 3 ಅಡಿ ಮೇಲಿದೆ, ಛಾವಣಿ 10 ಅಡಿಗಿದೆ. ಅಲ್ಲಿಗೆ 7 ಅಡಿ. ಅದರ ಮೇಲೆ ಸ್ಲ್ಯಾಬ್ ಅರ್ಧ ಅಡಿ, ಟ್ಯಾಂಕಿನ ಕಟ್ಟೆ 3 ಅಡಿ, ಟ್ಯಾಂಕಿನೊಳಗೆ ನೀರು 2 ಅಡಿ. ಒಟ್ಟು ಹನ್ನೆರಡೂವರೆ ಅಡಿ, ಅಂದರೆ ಸುಮಾರು 3.8 ಮೀಟರ್. ಒತ್ತಡ 0.38 ಬಾರ್. ಅದೇ ಬಚ್ಚಲಿನಲ್ಲಿ 7 ಅಡಿ ಎತ್ತರದ ಶವರ್‌ಗೆ ಸಿಗುವುದು ಬರೀ 0.25 ಬಾರ್. ಕೆಳಗಿನ ಮನೆಯ ಬೇಸಿನ್‌ಗೆ ಮಾತ್ರ 0.7 ಬಾರ್ ಸಿಗುತ್ತದೆ. “ಕೆಳಗಡೆ ಇದೇ ನಲ್ಲಿ ಚೆನ್ನಾಗಿದೆ, ಮೇಲೆ ಯಾಕೆ ಹೀಗೆ?” ಎಂಬ ಪ್ರಶ್ನೆಗೆ ಉತ್ತರ ಇಷ್ಟೇ.

ಈಗ ನಲ್ಲಿಗಳ ವಿಷಯ. ಒಂದೇ ಹಿಡಿಯನ್ನು ಎತ್ತಿ, ತಿರುಗಿಸಿ ಬಿಸಿ-ತಣ್ಣೀರು ಬೆರೆಸುವ ಸಿಂಗಲ್ ಲಿವರ್ ಮಿಕ್ಸರ್ ನೋಡಲು ಚೆಂದ. ಅದರೊಳಗೆ ಕಾರ್ಟ್ರಿಡ್ಜ್ ಎಂಬ ಚಿಕ್ಕ ಡಬ್ಬಿ ಇದೆ. ನೀರು ಅದರ ಕಿರಿದಾದ ತೂತುಗಳಲ್ಲಿ ನುಸುಳಿ ಬರಬೇಕು. ಕೆಳಗಡೆ ಬೆರಳಿಗಿಂತ ಸಪೂರವಾದ ಎರಡು ಕನೆಕ್ಷನ್ ಪೈಪ್, ತುದಿಯಲ್ಲಿ ನೊರೆನೊರೆಯಾಗಿ ನೀರು ಬಿಡುವ ಜಾಲರಿ. ಪ್ರತಿಯೊಂದೂ ಒಂದಿಷ್ಟು ಒತ್ತಡವನ್ನು ತಿನ್ನುತ್ತದೆ. ಇಂಥ ಹಲವು ಮಿಕ್ಸರ್‌ಗಳ ಡಬ್ಬಿಯ ಮೇಲೆಯೇ ಕನಿಷ್ಠ 0.5 ಬಾರ್ ಅಥವಾ 1 ಬಾರ್ ಬೇಕು ಎಂದು ಬರೆದಿರುತ್ತದೆ. ನಮ್ಮ ಲೆಕ್ಕದ ಮೇಲ್ಮಹಡಿಯಲ್ಲಿ ಅಷ್ಟು ಇಲ್ಲವೇ ಇಲ್ಲ. ಅಂಗಡಿಯಲ್ಲಿ ಜೋರಾಗಿ ಬಂತಲ್ಲ ಎನ್ನಬೇಡಿ, ಅಲ್ಲಿ ಪಂಪ್ ಇದ್ದಿರಬಹುದು. ಕೇಳಿ ನೋಡಿ.

ಪಿಲ್ಲರ್ ಕಾಕ್ ಎಂದರೆ ಬೇಸಿನ್ ಮೇಲೆ ನಿಲ್ಲುವ, ಒಂದೇ ನೀರಿನ ನಲ್ಲಿ. ಒಳದಾರಿ ನೇರ ಮತ್ತು ಅಗಲ, ಹಾಗಾಗಿ ಕಡಿಮೆ ಒತ್ತಡದಲ್ಲೂ ತಕ್ಕಮಟ್ಟಿಗೆ ನೀರು ಕೊಡುತ್ತದೆ. ಆದರೆ ಇದಕ್ಕೂ ಕೆಳಗೆ ಆಂಗಲ್ ಕಾಕ್ ಮತ್ತು ಕನೆಕ್ಷನ್ ಪೈಪ್ ಇರುತ್ತದೆ. ಆ ಪೈಪ್ ಸಪೂರವಾಗಿದ್ದರೆ ನಲ್ಲಿ ಎಷ್ಟು ಒಳ್ಳೆಯದಾದರೂ ಉಪಯೋಗವಿಲ್ಲ. ಒಳತೂತು ದೊಡ್ಡದಿರುವುದನ್ನೇ ಕೇಳಿ ತೆಗೆದುಕೊಳ್ಳಿ.

ಬಕೆಟ್ ತುಂಬಿಸುವ ಜಾಗಕ್ಕೆ ಗೋಡೆಯ ನಲ್ಲಿಯೇ ಸರಿ, ಇದರಲ್ಲಿ ನನಗೆ ಅನುಮಾನವಿಲ್ಲ. ಅದು ಅರ್ಧ ಇಂಚಿನ ಪೈಪಿಗೆ ನೇರವಾಗಿ ಕೂರುತ್ತದೆ, ನಡುವೆ ಕನೆಕ್ಷನ್ ಪೈಪ್ ಇಲ್ಲ. ಬಿಸಿನೀರೂ ಬೇಕಿದ್ದರೆ ಎರಡು ಹಿಡಿಗಳ ವಾಲ್ ಮಿಕ್ಸರ್ ಹಾಕಿಸಬಹುದು. ಹೆಸರು ಮಿಕ್ಸರ್ ಆದರೂ ಇದರ ದಾರಿ ಸಿಂಗಲ್ ಲಿವರ್‌ನಷ್ಟು ಇಕ್ಕಟ್ಟಲ್ಲ. ಗೋಡೆಯೊಳಗೆ ಹುದುಗಿಸುವ ಮಾದರಿ ಮಾತ್ರ ಬೇಡ. ಒತ್ತಡ ಸಾಲದೆಂದು ಆಮೇಲೆ ಗೊತ್ತಾದರೆ ಟೈಲ್ಸ್ ಒಡೆಯಬೇಕಾದೀತು.

ಯಾವ ಮಿಕ್ಸರ್ ಹಾಕಿಸಿದರೂ ಗೀಸರ್‌ಗೆ ಹೋಗುವ ನೀರು ಮತ್ತು ತಣ್ಣೀರು ಒಂದೇ ಟ್ಯಾಂಕಿನಿಂದ ಬರಬೇಕು. ತಣ್ಣೀರು ಮಾತ್ರ ಜೋರಾದ ಬೀದಿ ನೀರಿನ ಲೈನಿನಿಂದ ಬಂದರೆ ಅದು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ, ನಿಮಗೆ ಸಿಗುವುದು ತಣ್ಣೀರೇ.

ಟ್ಯಾಂಕ್ ಎತ್ತರಿಸಿದರೆ? ಮೇಲಿನ ಲೆಕ್ಕದ ಕಟ್ಟೆಗೆ ಇನ್ನೂ 3 ಅಡಿ ಸೇರಿಸಿದರೆ ಒತ್ತಡ ಕಾಲು ಭಾಗದಷ್ಟು ಏರುತ್ತದೆ. ಆದರೆ ನೀರಿನ ಹರಿವು ಏರುವುದು ನೂರಕ್ಕೆ ಹನ್ನೊಂದರಷ್ಟು ಮಾತ್ರ, ಏಕೆಂದರೆ ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚುತ್ತದೆ. ಅದೇ ದುಡ್ಡಿನಲ್ಲಿ ಟ್ಯಾಂಕಿನಿಂದ ಬಚ್ಚಲಿನವರೆಗಿನ ಅರ್ಧ ಇಂಚಿನ ಪೈಪನ್ನು ಮುಕ್ಕಾಲು ಅಥವಾ ಒಂದು ಇಂಚಿಗೆ ಬದಲಾಯಿಸಿದರೆ ಹೆಚ್ಚು ಲಾಭ.

ಹೊಸ ನಲ್ಲಿ ಕೊಳ್ಳುವ ಮೊದಲು ಈಗಿನ ನಲ್ಲಿಯ ತುದಿಯ ಜಾಲರಿಯನ್ನು ಬಿಚ್ಚಿ, 1 ಲೀಟರ್ ಬಾಟಲಿ ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. ಜಾಲರಿ ಇದ್ದಾಗ 20 ಸೆಕೆಂಡ್, ಬಿಚ್ಚಿದಾಗ 10 ಸೆಕೆಂಡ್ ಎಂದಾದರೆ ತಪ್ಪು ಜಾಲರಿಯದು. ಬೋರ್‌ವೆಲ್ ನೀರಿನ ಮನೆಗಳಲ್ಲಿ ಅದರ ಮೇಲೆ ಬಿಳಿ ಸುಣ್ಣ ಕಟ್ಟಿರುತ್ತದೆ, ಒಂದು ರಾತ್ರಿ ವಿನೆಗರ್‌ನಲ್ಲಿ ನೆನೆಸಿದರೆ ಬಿಟ್ಟುಕೊಳ್ಳುತ್ತದೆ. ಜಾಲರಿ ಬಿಚ್ಚಿದರೂ ನೀರು ಸಣ್ಣಗಿದ್ದರೆ ಪ್ಲಂಬರ್‌ಗೆ ಹೇಳಿ ನಲ್ಲಿಯನ್ನೇ ಕಳಚಿಸಿ, ಬರಿಯ ಪೈಪಿನ ನೀರನ್ನು ಹೀಗೇ ಅಳೆಯಿರಿ. ಪೈಪಿನಲ್ಲಿ ಜೋರಾಗಿ ಬಂದರೆ ನಲ್ಲಿ ಬದಲಾಯಿಸಿ. ಅಲ್ಲೂ ಸಣ್ಣಗಿದ್ದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ, ಕಸ ಕಟ್ಟಿದೆ ಅಥವಾ ಎಲ್ಲೋ ಒಂದು ವಾಲ್ವ್ ಅರ್ಧ ಮುಚ್ಚಿದೆ. ಆಗ ಯಾವ ಹೊಸ ನಲ್ಲಿ ತಂದರೂ ನೀರು ಅಷ್ಟೇ ಬರುತ್ತದೆ.