ಗೇಮ್‌ನ ಬಟನ್ ಅರ್ಧ ಮಾಯ: ಹಾಳಾಗಿರುವುದು ನಿಮ್ಮ ಡಿಸ್‌ಪ್ಲೇಯೇ?

ಹೊಸ ಫೋನ್ ತಂದು ಹಳೆಯ ಗೇಮ್ ಹಾಕಿಕೊಂಡಾಗ ಕೆಲವೊಮ್ಮೆ ಒಂದು ವಿಚಿತ್ರ ಕಾಣುತ್ತದೆ. ಮೂಲೆಯಲ್ಲಿರಬೇಕಾದ ಪಾಸ್ ಬಟನ್ ಅರ್ಧ ಕತ್ತರಿಸಿದಂತಿರುತ್ತದೆ. ಸ್ಕೋರ್‌ನ ಮೊದಲ ಅಂಕಿ ಕ್ಯಾಮೆರಾದ ಕಪ್ಪು ಚುಕ್ಕೆಯ ಹಿಂದೆ ಹೋಗಿರುತ್ತದೆ. ಜಾಹೀರಾತನ್ನು ಮುಚ್ಚುವ ಪುಟ್ಟ ಅಡ್ಡಗೆರೆ ಗುರುತು ಕೈಗೇ ಸಿಗುವುದಿಲ್ಲ. ಅದನ್ನು ಒತ್ತಲು ಹೋಗಿ ಜಾಹೀರಾತನ್ನೇ ಒತ್ತಿಬಿಡುತ್ತೇವೆ. ಹೀಗಾದಾಗ "ಡಿಸ್‌ಪ್ಲೇ ಕೆಟ್ಟಿದೆ", "ಫೋನೇ ಡೂಪ್ಲಿಕೇಟ್", "ಈ ಆ್ಯಪ್ ಹಾಕಿಕೊಳ್ಳಿ, ನಾಚ್ ಸರಿಹೋಗುತ್ತದೆ" ಎಂಬ ಸಲಹೆಗಳಿಗೇನೂ ಕೊರತೆಯಿಲ್ಲ.

ನಿಜ ತಿಳಿಯಲು ಅಂಗಡಿಗೆ ಹೋಗಬೇಕಿಲ್ಲ. ಬಟನ್ ಮರೆಯಾಗಿರುವಾಗಲೇ ಒಂದು ಸ್ಕ್ರೀನ್‌ಶಾಟ್ ತೆಗೆದು ಗ್ಯಾಲರಿಯಲ್ಲಿ ಚಿಕ್ಕದು ಮಾಡಿ ನೋಡಿ. ಚಿತ್ರದಲ್ಲಿ ಬಟನ್ ಪೂರ್ತಿಯಾಗಿ ಕಂಡು, ಪರದೆಯಲ್ಲಿ ಅದು ಕತ್ತರಿಸಿರುವುದು ನಾಚ್, ಕ್ಯಾಮೆರಾದ ತೂತು ಅಥವಾ ದುಂಡನೆಯ ಮೂಲೆ ಇರುವ ಜಾಗದಲ್ಲೇ ಆದರೆ ಡಿಸ್‌ಪ್ಲೇ ಕೆಟ್ಟಿದೆ ಎನ್ನಲು ಕಾರಣವಿಲ್ಲ. ಫೋನ್ ತನ್ನೊಳಗೆ ಬಿಡಿಸಿಕೊಳ್ಳುವ ಚಿತ್ರ ನಾಲ್ಕೂ ಮೂಲೆ ಚೂಪಾಗಿರುವ ಪೂರ್ಣ ಆಯತ. ನಾಚ್ ಆಗಲಿ, ಕ್ಯಾಮೆರಾದ ತೂತಾಗಲಿ, ದುಂಡನೆಯ ಮೂಲೆಯಾಗಲಿ ಆ ಚಿತ್ರದಲ್ಲಿ ಇರುವುದಿಲ್ಲ. ಅವು ಇರುವುದು ಗಾಜಿನ ಕೆಳಗಿನ ಪರದೆಯಲ್ಲಿ. ಗೇಮ್ ಆ ಬಟನ್ ಅನ್ನು ಬಿಡಿಸಿದೆ, ಆದರೆ ಪರದೆಯೇ ಇಲ್ಲದ ಜಾಗದಲ್ಲಿ ಬಿಡಿಸಿದೆ, ಅಷ್ಟೆ.

ಈ ತಾಪತ್ರಯ ವ್ಯಾಪಕವಾದದ್ದು 2017ರಲ್ಲಿ ಐಫೋನ್ ಎಕ್ಸ್ ಬಂದ ಮೇಲೆ. ಅದಕ್ಕೂ ಮೊದಲು ಬಹುತೇಕ ಎಲ್ಲ ಫೋನಿನ ಪರದೆಯೂ ಸರಳ ಆಯತವಾಗಿತ್ತು, ಗೇಮ್ ಮಾಡುವವರು ಬಟನ್ ಅನ್ನು ಮೂಲೆಗೆ ಒತ್ತಿ ಇಟ್ಟರೂ ನಡೆಯುತ್ತಿತ್ತು. ಈಗ ಹಾಗೆ ಮಾಡುವಂತಿಲ್ಲ. ಅದಕ್ಕೇ ಫೋನಿನ ಕಾರ್ಯಾಚರಣ ವ್ಯವಸ್ಥೆ ಗೇಮ್‌ಗೆ ಎರಡು ಅಳತೆ ಕೊಡುತ್ತದೆ. ಒಂದು ಪೂರ್ತಿ ಪರದೆಯದು. ಇನ್ನೊಂದು ಸೇಫ್ ಏರಿಯಾ, ಅಂದರೆ ಏನೂ ಅಡ್ಡ ಬಾರದ ಒಳಗಿನ ಆಯತದ್ದು.

ಐಫೋನ್ ಎಕ್ಸ್ ಅನ್ನೇ ತೆಗೆದುಕೊಳ್ಳೋಣ. ಅಡ್ಡಲಾಗಿ ಹಿಡಿದರೆ ಅದರ ಪರದೆ 2436 ಪಿಕ್ಸೆಲ್ ಅಗಲ, 1125 ಪಿಕ್ಸೆಲ್ ಎತ್ತರ. ಸೇಫ್ ಏರಿಯಾ ಎಡಕ್ಕೆ 132, ಬಲಕ್ಕೆ 132 ಪಿಕ್ಸೆಲ್ ಬಿಡುತ್ತದೆ. ಕೆಳಗೆ 63 ಬಿಡುತ್ತದೆ, ಏಕೆಂದರೆ ಹೋಮ್‌ಗೆ ಹೋಗಲು ಎಳೆಯುವ ಗೆರೆ ಅಲ್ಲಿದೆ. ಮೇಲೆ ಏನೂ ಬಿಡುವುದಿಲ್ಲ. ಉಳಿಯುವುದು 2172 ಅಗಲ, 1062 ಎತ್ತರದ ಆಯತ. ಯುನಿಟಿ ಎಂಬ ಜನಪ್ರಿಯ ಗೇಮ್ ಎಂಜಿನ್‌ನಲ್ಲಿ `Screen.safeArea` ಎಂದು ಕೇಳಿದರೆ ಸಿಗುವುದೂ ಇದೇ ಅಂಕಿಗಳು. ಗೇಮ್ ಮಾಡುವವರು ಇವನ್ನು ಪರದೆಯ ಒಟ್ಟು ಅಳತೆಯಿಂದ ಭಾಗಿಸುತ್ತಾರೆ. 132 ಭಾಗಿಸು 2436 ಅಂದರೆ ಸುಮಾರು 0.054. ಹಾಗಾಗಿ ಬಟನ್‌ಗಳ ಚೌಕಟ್ಟು ಅಗಲದ 5.4 ಶೇಕಡಾದಿಂದ ಶುರುವಾಗಿ 94.6 ಶೇಕಡಾಕ್ಕೆ ಮುಗಿಯುತ್ತದೆ, ಎತ್ತರದಲ್ಲಿ ಕೆಳಗಿನಿಂದ 5.6 ಶೇಕಡಾ ಬಿಟ್ಟು ಶುರುವಾಗುತ್ತದೆ. ಬಟನ್‌ಗಳನ್ನೆಲ್ಲ ಆ ಚೌಕಟ್ಟಿನ ಮೂಲೆಗಳಿಗೆ ಕಟ್ಟಿದರೆ ಕೆಲಸ ಮುಗಿಯಿತು. ಆಕಾಶ, ರಸ್ತೆ, ಮೈದಾನದಂಥ ಹಿನ್ನೆಲೆಯನ್ನು ಮಾತ್ರ ಪೂರ್ತಿ ಪರದೆಗೆ ಹರಡಬೇಕು. ಅದನ್ನೂ ಒಳಗೆ ಸರಿಸಿದರೆ ಅಂಚಿನಲ್ಲಿ ಖಾಲಿ ಪಟ್ಟಿ ಕಾಣುತ್ತದೆ.

ಇಷ್ಟು ಸುಲಭವಾಗಿದ್ದರೆ ಎಲ್ಲ ಗೇಮ್‌ಗಳೂ ಸರಿಯಾಗಿರಬೇಕಿತ್ತಲ್ಲ? ತಪ್ಪುವುದು ಹೆಚ್ಚಾಗಿ ಇಲ್ಲಿ: ಕೆಲವರು ಫೋನನ್ನು ಕೇಳುವ ಬದಲು 132 ಎಂಬ ಅಂಕಿಯನ್ನೇ ಗೇಮ್‌ನಲ್ಲಿ ಬರೆದುಬಿಡುತ್ತಾರೆ. ಐಫೋನ್ 14 ಪ್ರೊಗೆ ಬರುವ ಹೊತ್ತಿಗೆ ಅದೇ ಅಂತರ 177 ಪಿಕ್ಸೆಲ್ ಆಗಿತ್ತು. ಇನ್ನು ಕೆಲವರು ಗೇಮ್ ತೆರೆದಾಗ ಒಂದೇ ಒಂದು ಸಲ ಕೇಳಿ ಸುಮ್ಮನಾಗುತ್ತಾರೆ. ಐಫೋನ್ ಎರಡೂ ಬದಿಗೆ ಸಮನಾಗಿ ಜಾಗ ಬಿಡುವುದರಿಂದ ಅಲ್ಲಿ ಈ ತಪ್ಪು ಗೊತ್ತಾಗುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ಕ್ಯಾಮೆರಾ ಇರುವ ಬದಿಗೆ ಮಾತ್ರ ಅಂತರ ಇರುತ್ತದೆ. ಆಟದ ನಡುವೆ ಚಾರ್ಜರ್ ಸಿಕ್ಕಿಸಲು ಫೋನನ್ನು ತಲೆಕೆಳಗು ಮಾಡಿ ಹಿಡಿದರೆ ಕ್ಯಾಮೆರಾ ಎಡದಿಂದ ಬಲಕ್ಕೆ ಹೋಗುತ್ತದೆ, ಗೇಮ್ ಮಾತ್ರ ಇನ್ನೂ ಎಡಕ್ಕೇ ಜಾಗ ಬಿಟ್ಟುಕೊಂಡು ಕೂತಿರುತ್ತದೆ. ಒಂದು ಬಗೆಯಲ್ಲಿ ಹಿಡಿದಾಗ ಸರಿ, ತಿರುಗಿಸಿದಾಗ ಬಟನ್ ಮಾಯ ಎಂದಾದರೆ ಕಾರಣ ಬಹುಮಟ್ಟಿಗೆ ಇದೇ.

ದುಂಡನೆಯ ಮೂಲೆಗಳದ್ದು ಬೇರೆಯೇ ಕತೆ. ಆಂಡ್ರಾಯ್ಡ್ 2018ರಲ್ಲಿ, ತನ್ನ 9ನೇ ಆವೃತ್ತಿಯಲ್ಲಿ, ಕ್ಯಾಮೆರಾ ತೂತಿನ ಅಳತೆಯನ್ನು ಗೇಮ್‌ಗಳಿಗೆ ತಿಳಿಸತೊಡಗಿತು. ಆದರೆ ಮೂಲೆ ಎಷ್ಟು ದುಂಡಗಿದೆ ಎಂದು ಕೇಳುವ ದಾರಿ ಬಂದದ್ದು 12ನೇ ಆವೃತ್ತಿಯಲ್ಲಿ. ಇವೆರಡೂ ಪ್ರತ್ಯೇಕ ಮಾಹಿತಿ. ತೂತಿನದನ್ನು ಮಾತ್ರ ಕೇಳಿದ ಗೇಮ್‌ನಲ್ಲಿ ಕ್ಯಾಮೆರಾ ಇರುವ ಬದಿ ಸರಿಯಾಗಿರುತ್ತದೆ, ಎದುರು ಬದಿಯ ಮೂಲೆಯಲ್ಲಿ ಬಟನ್ ಕತ್ತರಿಸಿರುತ್ತದೆ. ಎಷ್ಟು ಒಳಗೆ ಸರಿಸಬೇಕು ಎನ್ನುವುದು ಹೈಸ್ಕೂಲ್ ಗಣಿತ. ಮೂಲೆಯ ವೃತ್ತದ ತ್ರಿಜ್ಯ 100 ಪಿಕ್ಸೆಲ್ ಎಂದುಕೊಳ್ಳಿ. ಚೌಕ ಬಟನ್ ಒಂದನ್ನು ಎರಡೂ ಅಂಚಿನಿಂದ 29.3 ಪಿಕ್ಸೆಲ್, ಅಂದರೆ ತ್ರಿಜ್ಯದ ಮೂವತ್ತು ಶೇಕಡಾಕ್ಕಿಂತ ತುಸು ಕಡಿಮೆ, ಒಳಗೆ ಇಟ್ಟರೆ ಅದರ ತುದಿ ವೃತ್ತದ ಅಂಚನ್ನು ಮುಟ್ಟುತ್ತದೆ, ಹೊರಗೆ ಹೋಗುವುದಿಲ್ಲ. ಪೂರ್ತಿ 100 ಬಿಡಬೇಕಿಲ್ಲ. ಬೆರಳಿಗೆ ಎಟುಕುವ ಜಾಗ ಸುಮ್ಮನೆ ಪೋಲಾಗುತ್ತದೆ.

ಇಷ್ಟೆಲ್ಲ ತಲೆನೋವು ಬೇಡವೆಂದರೆ ಕ್ಯಾಮೆರಾ ಇರುವ ಬದಿಯನ್ನೇ ಬಳಸದೆ ಕಪ್ಪು ಪಟ್ಟಿ ಬಿಡಬಹುದು. ಪೂರ್ತಿ ಪರದೆಯಲ್ಲಿ ಓಡುವ ಗೇಮ್ ಬೇರೇನೂ ಹೇಳದಿದ್ದರೆ ಆಂಡ್ರಾಯ್ಡ್ ಬಹುಕಾಲ ಮಾಡುತ್ತಿದ್ದುದೂ ಅದನ್ನೇ. ಈಗ ಆಂಡ್ರಾಯ್ಡ್ 15 ಅನ್ನು ಗುರಿಯಾಗಿಸಿಕೊಂಡ ಆ್ಯಪ್‌ಗಳು ಆ ವರ್ಶನ್ ಇರುವ ಫೋನಿನಲ್ಲಿ ಅಂಚಿನಿಂದ ಅಂಚಿಗೆ ಹರಡಿಕೊಳ್ಳುವುದೇ ಸಹಜ ಸ್ಥಿತಿ. ಅಪ್‌ಡೇಟ್ ಆದ ಮೇಲೆ ಗೇಮ್ ಕೆಟ್ಟಿತು ಎಂಬ ದೂರಿನ ಹಿಂದೆ ಕೆಲವೊಮ್ಮೆ ಇದೂ ಇರುತ್ತದೆ.

ಹಾಗಾದರೆ ಬಳಸುವವರು ಮಾಡಬಹುದಾದದ್ದೇನು? ಅನೇಕ ಆಂಡ್ರಾಯ್ಡ್ ಫೋನುಗಳ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಆ್ಯಪ್‌ವಾರು ಪೂರ್ಣ ಪರದೆ ಅಥವಾ ಕ್ಯಾಮೆರಾ ಭಾಗ ಮರೆಮಾಡುವ ಆಯ್ಕೆ ಇರುತ್ತದೆ. ಹೆಸರು ಕಂಪನಿಯಿಂದ ಕಂಪನಿಗೆ ಬೇರೆ. ಆ ಗೇಮ್‌ಗೆ ಮಾತ್ರ ಅದನ್ನು ಬದಲಿಸಿದರೆ ಪಕ್ಕದಲ್ಲಿ ಕಪ್ಪು ಪಟ್ಟಿ ಬಂದು ಬಟನ್ ಒಳಗೆ ಸರಿಯುತ್ತದೆ. ಐಫೋನ್‌ನಲ್ಲಿ ಇಂಥ ಆಯ್ಕೆ ಇಲ್ಲ. ಅಲ್ಲಿ ಗೇಮ್ ಮಾಡಿದವರೇ ಸರಿಪಡಿಸಬೇಕು. ಅವರಿಗೆ ದೂರು ಬರೆಯುವಾಗ ಸ್ಕ್ರೀನ್‌ಶಾಟ್ ಕಳಿಸಿದರೆ ಪ್ರಯೋಜನವಿಲ್ಲ, ಅದರಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದಲ್ಲ! ಇನ್ನೊಂದು ಫೋನಿನಿಂದ ಫೋಟೊ ತೆಗೆದು, ಫೋನಿನ ಮಾದರಿ ಮತ್ತು ಯಾವ ದಿಕ್ಕಿಗೆ ಹಿಡಿದಿದ್ದಿರಿ ಎಂಬುದನ್ನು ಬರೆಯಿರಿ.

ಇನ್ನು ನಾಚ್ ಸರಿಮಾಡುವ ಆ್ಯಪ್‌ಗಳು. ಒಂದು ಆ್ಯಪ್ ಇನ್ನೊಂದು ಆ್ಯಪ್‌ನ ಒಳಗಿನ ಬಟನ್ ಅನ್ನು ಸರಿಸಲು ಆಂಡ್ರಾಯ್ಡ್ ಬಿಡುವುದಿಲ್ಲ. ಇವು ಮಾಡಬಲ್ಲದ್ದು ಮೇಲಿನಿಂದ ಒಂದು ಕಪ್ಪು ಪಟ್ಟಿ ಬಳಿಯುವುದು ಮಾತ್ರ, ಅಂದರೆ ಅರ್ಧ ಕಾಣುತ್ತಿದ್ದ ಬಟನ್ ಪೂರ್ತಿ ಮುಚ್ಚಿಹೋಗುತ್ತದೆ. ಅದಕ್ಕಾಗಿ ಅವು ಬೇರೆ ಆ್ಯಪ್‌ಗಳ ಮೇಲೆ ಚಿತ್ರ ಬಿಡಿಸುವ ಅನುಮತಿ ಕೇಳುತ್ತವೆ. ನಕಲಿ ಲಾಗಿನ್ ಪುಟವನ್ನು ಬ್ಯಾಂಕ್ ಆ್ಯಪ್‌ನ ಮೇಲೆ ತೋರಿಸಿ ಪಾಸ್‌ವರ್ಡ್ ಕದಿಯುವವರು ಬಳಸುವುದೂ ಅದೇ ಅನುಮತಿಯನ್ನು.