ಎಂಟು ಅಂಗಡಿ, ಒಂದು ವರದಿ
"ಎಂಟು ಅಂಗಡಿಯವರನ್ನು ಮಾತಾಡಿಸಿ ವರದಿ ಕೊಡಿ, ಎಷ್ಟಾಗುತ್ತೆ?" ಎಂದು ಕೇಳುವ ಆ್ಯಪ್ ಕಂಪನಿಗೆ ಸ್ವತಂತ್ರ ಬಳಕೆದಾರ ಸಂಶೋಧಕರು 8 ಗಂಟೆಯ ಲೆಕ್ಕ ಕೊಟ್ಟರೆ ಕೆಟ್ಟರು. ಒಂದು ಗಂಟೆಯ ಮಾತುಕತೆಯನ್ನು ಮತ್ತೆ ಕೇಳಿ, ಟಿಪ್ಪಣಿ ಮಾಡಿ, ಉಳಿದವರ ಮಾತಿನೊಂದಿಗೆ ಹೋಲಿಸಲು ಇನ್ನೂ ಮೂರು ಗಂಟೆಯಾದರೂ ಬೇಕು; ಅಲ್ಲಿಗೇ 32 ಗಂಟೆ, ವರದಿ ಬರೆಯುವುದು ಇನ್ನೂ ಬಾಕಿ. ಜನರನ್ನು ಹುಡುಕುವುದಂತೂ ಬೇರೆಯದೇ ಕೆಲಸ. ಎಂಟು ಮಂದಿ ಬೇಕೆಂದರೆ ಹತ್ತು ಮಂದಿಗೆ ಸಮಯ ಗೊತ್ತು ಮಾಡಿರಬೇಕು, ಒಬ್ಬಿಬ್ಬರು ಕೈಕೊಡುವುದು ಇದ್ದದ್ದೇ. ಆಯ್ಕೆಗೆಂದು ಫೋನು ಮಾಡಿ "ಉದ್ರಿ ಲೆಕ್ಕವನ್ನು ಆ್ಯಪ್‌ನಲ್ಲಿ ಇಡುತ್ತೀರಾ?" ಎಂದರೆ ಗೌರವಧನದ ಆಸೆಗೆ ಎಲ್ಲರೂ ಹೂಂ ಎನ್ನುತ್ತಾರೆ, "ಕಳೆದ ಸಲ ಉದ್ರಿ ಕೊಟ್ಟದ್ದನ್ನು ಎಲ್ಲಿ ಬರೆದಿರಿ?" ಎಂದರೆ ನೋಟುಪುಸ್ತಕ ಹೊರಬರುತ್ತದೆ. ಆ ಗೌರವಧನವನ್ನು ಶುಲ್ಕದೊಳಗೆ ಸೇರಿಸದೆ ಬೇರೆಯಾಗಿ ನಮೂದಿಸಿ, ಮುಂಗಡವಾಗಿಯೇ ಪಡೆಯುವುದು ಕ್ಷೇಮ.